ಬೀಟ್‌ರೂಟ್ ರಸ ಬಿಪಿ ಇಳಿಸುವುದು ನಾಲಿಗೆಯ ದಾರಿಯಲ್ಲಿ

ಬಿಪಿ ಇದ್ದವರಿಗೆ ಬೀಟ್‌ರೂಟ್ ರಸ ಒಳ್ಳೆಯದು ಎನ್ನುವ ಮಾತು ಈಗ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಲ್ಲರ ಬಾಯಲ್ಲೂ ಇದೆ. ವಾಟ್ಸಾಪ್‌ನಲ್ಲಿ ಬರುತ್ತದೆ, ಬೆಳಿಗ್ಗೆ ವಾಕಿಂಗ್ ಮುಗಿಸಿ ಕೂತವರ ಹರಟೆಯಲ್ಲಿ ಬರುತ್ತದೆ, ಗಾಡಿ ಇಟ್ಟು ಜ್ಯೂಸ್ ಮಾರುವವರೂ ಅದನ್ನೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಕಾರಣ ಕೇಳಿದರೆ ಹೆಚ್ಚಿನವರು ಕೆಂಪು ಬಣ್ಣ ಎನ್ನುತ್ತಾರೆ, ಕಬ್ಬಿಣದ ಅಂಶ ಎನ್ನುತ್ತಾರೆ, ರಕ್ತ ಶುದ್ಧಿ ಎನ್ನುತ್ತಾರೆ. ಬಿಪಿ ಇಳಿಯುವುದಕ್ಕೆ ಇವು ಯಾವುವೂ ಕಾರಣ ಅಲ್ಲ. ಕಾರಣ ಅದರಲ್ಲಿರುವ ನೈಟ್ರೇಟ್. ಬಣ್ಣವಿಲ್ಲದ, ನೀರಿನಲ್ಲಿ ಕರಗುವ ಒಂದು ಲವಣ ಅದು. ಗಿಡ ಮಣ್ಣಿನಿಂದ ಎಳೆದುಕೊಂಡು ಗಡ್ಡೆಯಲ್ಲಿ, ದಂಟಿನಲ್ಲಿ, ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಈ ನೈಟ್ರೇಟ್ ತಾನಾಗಿಯೇ ರಕ್ತನಾಳವನ್ನು ಸಡಿಲ ಮಾಡುವುದಿಲ್ಲ. ಅದು ಮೊದಲು ನೈಟ್ರೈಟ್ ಆಗಬೇಕು, ಆಮೇಲೆ ನೈಟ್ರಿಕ್ ಆಕ್ಸೈಡ್ ಎನ್ನುವ ಅನಿಲ ಆಗಬೇಕು. ನೈಟ್ರೇಟನ್ನು ನೈಟ್ರೈಟ್ ಮಾಡುವ ಮೊದಲ ಕೆಲಸ ಮನುಷ್ಯನ ಜೀವಕೋಶಗಳಿಗೆ ಸರಿಯಾಗಿ ಬರುವುದೇ ಇಲ್ಲ. ಅದನ್ನು ಮಾಡಿಕೊಡುವುದು ನಮ್ಮ ನಾಲಿಗೆಯ ಹಿಂಭಾಗದಲ್ಲಿರುವ ಬ್ಯಾಕ್ಟೀರಿಯಾ. ರಸ ಕುಡಿಯುವವರು ಮೊದಲು ತಿಳಿದುಕೊಳ್ಳಬೇಕಾದ ವಿಷಯ ಇದೇ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಕುಡಿದರೂ ಬಿಪಿ ಇಳಿಯದವರ ಲೆಕ್ಕ ಅನೇಕ ಸಲ ಇಲ್ಲಿಯೇ ತಪ್ಪಿರುತ್ತದೆ.

ಇದನ್ನು ತೋರಿಸಿಕೊಟ್ಟ ಪ್ರಯೋಗ ತುಂಬಾ ಸರಳ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಅಮೃತಾ ಅಹ್ಲುವಾಲಿಯಾ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ್ದು. ಆರೋಗ್ಯವಾಗಿದ್ದವರಿಗೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿದರು. ಎರಡೂವರೆ ಮೂರು ತಾಸಿನ ಹೊತ್ತಿಗೆ ಮೇಲಿನ ಬಿಪಿ ಸುಮಾರು 10ರಷ್ಟು ಇಳಿಯಿತು. ಆಮೇಲೆ ಕೆಲವರಿಗೆ ಅದೇ ರಸ ಕುಡಿಸಿ, ಮೂರು ತಾಸು ಬಾಯಿಯ ಜೊಲ್ಲನ್ನು ನುಂಗದೆ ಉಗುಳುತ್ತಾ ಇರಲು ಹೇಳಿದರು. ಅಷ್ಟೇ ವ್ಯತ್ಯಾಸ. ಹೊಟ್ಟೆಗೆ ರಸ ಹೋಗಿದೆ, ರಕ್ತದಲ್ಲಿ ನೈಟ್ರೇಟ್ ಏರಿದೆ, ಆದರೆ ನೈಟ್ರೈಟ್ ಏರಲಿಲ್ಲ, ಬಿಪಿಯೂ ಇಳಿಯಲಿಲ್ಲ. ಅಂದರೆ ಕುಡಿದ ರಸ ಕೆಲಸ ಮಾಡಬೇಕಾದರೆ, ಅದು ಹೊಟ್ಟೆ ಸೇರಿದ ಮೇಲೆ ಮತ್ತೆ ಬಾಯಿಗೆ ವಾಪಸ್ ಬಂದು, ಅಲ್ಲಿಂದ ಇನ್ನೊಮ್ಮೆ ನುಂಗಿಸಿಕೊಳ್ಳಬೇಕು!

ಹೇಗೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ. ಸಿಂಧನೂರಿನಲ್ಲಿ ಐವತ್ತೈದು ವರ್ಷದ ಒಬ್ಬ ಮಾಸ್ತರು ಇದ್ದಾರೆ ಅಂದುಕೊಳ್ಳಿ, ತೂಕ 60 ಕೆ.ಜಿ., ಬೆಳಿಗ್ಗೆಯ ಬಿಪಿ 148ರ ಆಸುಪಾಸು. ಅವರು 300 ಗ್ರಾಂ ಹಸಿ ಬೀಟ್‌ರೂಟ್ ಮಿಕ್ಸಿಗೆ ಹಾಕಿ, ಸೋಸಿ, ಆರೂವರೆಗೆ ಕುಡಿಯುತ್ತಾರೆ. ಬೀಟ್‌ರೂಟ್‌ನಲ್ಲಿ ನೈಟ್ರೇಟ್ ಎಷ್ಟಿರುತ್ತದೆ ಎನ್ನುವುದು ಹೊಲದಿಂದ ಹೊಲಕ್ಕೆ ಬೇರೆ. 100 ಗ್ರಾಂಗೆ 100ರಿಂದ 250 ಮಿಲಿಗ್ರಾಂ ಎನ್ನುವುದು ಸಾಮಾನ್ಯವಾಗಿ ಸಿಗುವ ಅಂದಾಜು. ನಾವು 150 ಅಂತ ಇಟ್ಟುಕೊಳ್ಳೋಣ. ಸೋಸುವಾಗ ಸ್ವಲ್ಪ ಚರಟದಲ್ಲಿ ಉಳಿದು, ಲೋಟಕ್ಕೆ 400 ಮಿಲಿಗ್ರಾಂ ಬಂತು.

ಈ ನೈಟ್ರೇಟ್ ಹೊಟ್ಟೆಯಲ್ಲಿ ಏನೂ ಆಗದೆ ಕೆಳಗೆ ಇಳಿದು, ಸಣ್ಣಕರುಳಿನ ಮೇಲ್ಭಾಗದಲ್ಲಿ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಏಳೂವರೆ, ಎಂಟರ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಅತಿ ಹೆಚ್ಚು. ಬಹುಪಾಲು ಆಮೇಲೆ ಮೂತ್ರದಲ್ಲಿ ಹೊರಗೆ ಹೋಗಿಬಿಡುತ್ತದೆ. ಆದರೆ ಸುಮಾರು ಕಾಲು ಭಾಗವನ್ನು, ಅಂದರೆ ನಮ್ಮ ಲೆಕ್ಕದಲ್ಲಿ 100 ಮಿಲಿಗ್ರಾಂನಷ್ಟನ್ನು, ಜೊಲ್ಲು ಸುರಿಸುವ ಗ್ರಂಥಿಗಳು ರಕ್ತದಿಂದ ಹಿಡಿದು ಎಳೆದುಕೊಳ್ಳುತ್ತವೆ. ಇದಕ್ಕೆ ಅವುಗಳ ಗೋಡೆಯಲ್ಲಿ ಸಿಯಾಲಿನ್ ಎನ್ನುವ ಪ್ರೊಟೀನ್ ಇದೆ. ಸುಮ್ನೆ ಸೋರಿಕೆ ಅಲ್ಲ ಇದು. ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ನೈಟ್ರೇಟ್ ಜೊಲ್ಲಿನಲ್ಲಿ ಇರುತ್ತದೆ. ದೇಹ ಇಷ್ಟು ಕಷ್ಟಪಟ್ಟು ಅದನ್ನು ಬಾಯಿಗೆ ತಂದು ಸುರಿಯುತ್ತಿದೆ ಅಂದರೆ, ಅದು ಕಸ ಅಲ್ಲ, ಬೇಕಾದ ವಸ್ತು ಎನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಬಾಯಿಗೆ ಬಂದ ನೈಟ್ರೇಟ್ ನಾಲಿಗೆಯ ಹಿಂಭಾಗದ ಸಂದುಗಳಿಗೆ ಇಳಿಯುತ್ತದೆ. ಅಲ್ಲಿ ಗಾಳಿ ಕಡಿಮೆ. ಅಲ್ಲಿ ಬದುಕುವ ವೈಲೊನೆಲ್ಲಾ, ರೋಥಿಯಾ, ಆಕ್ಟಿನೊಮೈಸಿಸ್, ನೈಸೀರಿಯಾ ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಅನೇಕವು ಆಮ್ಲಜನಕ ಸಾಲದಿದ್ದಾಗ ಅದರ ಜಾಗದಲ್ಲಿ ನೈಟ್ರೇಟ್ ಬಳಸಿ ಉಸಿರಾಡುತ್ತವೆ. ಹಾಗೆ ಬಳಸುವಾಗ ನೈಟ್ರೇಟ್‌ನಿಂದ ಒಂದು ಆಮ್ಲಜನಕದ ಪರಮಾಣು ಕಳಚಿ, ಉಳಿದದ್ದು ನೈಟ್ರೈಟ್ ಆಗುತ್ತದೆ. ಅವಕ್ಕೆ ಅದು ಉಸಿರಾಟ, ನಮಗೆ ಅದು ಉಪಯೋಗ. ಜೊಲ್ಲಿಗೆ ಬಂದ ನೈಟ್ರೇಟ್‌ನಲ್ಲಿ ಸುಮಾರು ಐದನೇ ಒಂದು ಭಾಗ ಹೀಗೆ ಬದಲಾಗುತ್ತದೆ. ಮಾಸ್ತರು ಕುಡಿದ 400 ಮಿಲಿಗ್ರಾಂ ಪೈಕಿ ಕೊನೆಗೆ ನೈಟ್ರೈಟ್ ಆಗುವುದು 20ರ ಆಸುಪಾಸು, ಅಷ್ಟೇ. ಇಷ್ಟು ಸಣ್ಣ ಪಾಲು ಇಡೀ ಕೆಲಸ ಮಾಡುತ್ತದೆ.

ಮಾಸ್ತರು ಮಾತಾಡುತ್ತಾ, ಚಹಾ ಕುಡಿಯುತ್ತಾ, ಗೊತ್ತಿಲ್ಲದೆಯೇ ಆ ಜೊಲ್ಲನ್ನು ನುಂಗುತ್ತಲೇ ಇರುತ್ತಾರೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಒಂದಷ್ಟು ನೈಟ್ರೈಟ್ ಅಲ್ಲೇ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಉಳಿದದ್ದು ರಕ್ತಕ್ಕೆ ಸೇರುತ್ತದೆ. ರಕ್ತದ ನೈಟ್ರೈಟ್ ಏರಿ ತುದಿ ಮುಟ್ಟುವುದು ಒಂಬತ್ತು, ಒಂಬತ್ತೂವರೆಗೆ. ಬಿಪಿ ಹೆಚ್ಚು ಇಳಿಯುವುದೂ ಅದೇ ಹೊತ್ತಿಗೆ. ಕುಡಿದು ಹತ್ತು ನಿಮಿಷಕ್ಕೆ ಮಿಷನ್ ಕಟ್ಟಿ ನೋಡಿ "ಏನೂ ಆಗಲಿಲ್ಲ" ಎನ್ನುವವರೂ, "ಆಗಲೇ ಇಳೀತು" ಎನ್ನುವವರೂ ಇಬ್ಬರೂ ತಪ್ಪಾದ ಹೊತ್ತಿಗೆ ನೋಡುತ್ತಿದ್ದಾರೆ.

ಈಗ ರಕ್ತನಾಳದ ಮಾತು. ನಾಳದ ಗೋಡೆಯಲ್ಲಿ ಸುತ್ತಲೂ ಸಣ್ಣ ಸ್ನಾಯುಗಳಿವೆ. ಅವು ಬಿಗಿದರೆ ನಾಳ ಕಿರಿದಾಗಿ ಬಿಪಿ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ಬಿಗಿಯಲು ಆ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಬೇಕು. ನೈಟ್ರಿಕ್ ಆಕ್ಸೈಡ್ ಒಳಗೆ ಹೋಗಿ ಗ್ವಾನಿಲೇಟ್ ಸೈಕ್ಲೇಸ್ ಎನ್ನುವ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಆ ಕಿಣ್ವ ಸಿಜಿಎಂಪಿ ಎನ್ನುವ ಸಂದೇಶವಾಹಕವನ್ನು ತಯಾರಿಸುತ್ತದೆ, ಅದು ಹೆಚ್ಚಾದಾಗ ಕೋಶದೊಳಗಿನ ಕ್ಯಾಲ್ಸಿಯಂ ಇಳಿದು ಸ್ನಾಯು ಬಿಗಿ ಬಿಡುತ್ತದೆ. ಈ ಅನಿಲ ಬದುಕುವುದು ಕೆಲವೇ ಸೆಕೆಂಡು, ರಕ್ತದೊಳಗೆ ಅದಕ್ಕಿಂತಲೂ ಕಡಿಮೆ, ಯಾಕೆಂದರೆ ಹಿಮೋಗ್ಲೋಬಿನ್ ಅದನ್ನು ಕೂಡಲೇ ಹಿಡಿದುಬಿಡುತ್ತದೆ. ಹಾಗಾಗಿ ಅದನ್ನು ಎಲ್ಲೋ ಮಾಡಿ ಇನ್ನೆಲ್ಲಿಗೋ ಕಳಿಸಲು ಆಗುವುದಿಲ್ಲ. ಬೇಕಾದ ಜಾಗದಲ್ಲೇ ತಯಾರಾಗಬೇಕು.

ನಮ್ಮ ದೇಹ ಇದನ್ನು ತಾನೇ ತಯಾರಿಸುವ ಇನ್ನೊಂದು ದಾರಿಯೂ ಇದೆ. ನಾಳದ ಒಳಪದರ ಆರ್ಜಿನಿನ್ ಎನ್ನುವ ಅಮೈನೊ ಆಮ್ಲದಿಂದ ಅದನ್ನು ಮಾಡುತ್ತದೆ. ನೈಟ್ರಿಕ್ ಆಕ್ಸೈಡ್ ನಾಳಕ್ಕೆ ಸಂದೇಶ ಕೊಡುವ ವಸ್ತು ಎಂದು ಕಂಡುಹಿಡಿದದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಆದರೆ ಈ ದಾರಿಗೆ ಆಮ್ಲಜನಕ ಬೇಕೇ ಬೇಕು, ಒಳಪದರವೂ ಚೆನ್ನಾಗಿರಬೇಕು. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹಳೆಯ ಬಿಪಿ ಇವೆಲ್ಲ ಆ ಪದರವನ್ನು ಹಾಳುಮಾಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಗಳಿಗೆ ನೀರು ಮುಟ್ಟದ ಹಾಗೆ, ಆಮ್ಲಜನಕ ಕಡಿಮೆ ಇರುವ ಕೊನೆಯ ಸಣ್ಣ ನಾಳಗಳಲ್ಲಿ ಈ ದಾರಿ ಸೊರಗುತ್ತದೆ. ನೈಟ್ರೈಟ್ ದಾರಿ ಅದಕ್ಕೆ ಉಲ್ಟಾ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಮತ್ತು ಅಂಗಾಂಶದ ಕೆಲವು ಕಿಣ್ವಗಳು, ಎಲ್ಲಿ ಆಮ್ಲಜನಕ ಕಡಿಮೆಯೋ ಅಲ್ಲಿಯೇ ನೈಟ್ರೈಟನ್ನು ನೈಟ್ರಿಕ್ ಆಕ್ಸೈಡ್ ಮಾಡುತ್ತವೆ. ಮೊದಲ ದಾರಿ ಸೋತ ಜಾಗದಲ್ಲಿ ಎರಡನೆಯದು ಜೋರಾಗುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಭಾಗ ಇದು.

ಇಷ್ಟೆಲ್ಲ ಗೊತ್ತಾದ ಮೇಲೆ ಎಲ್ಲಿ ಕೈ ತಪ್ಪುತ್ತದೆ ಎನ್ನುವುದೂ ಕಾಣುತ್ತದೆ. ಮೊದಲನೆಯದು ಮೌತ್‌ವಾಶ್. ಅದರಲ್ಲೂ ಕ್ಲೋರ್‌ಹೆಕ್ಸಿಡಿನ್ ಇರುವುದು. ಹಲ್ಲಿನ ಡಾಕ್ಟರು ವಸಡಿಗೆ ಬರೆದುಕೊಡುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಲೇಬಲ್ ಓದಿದರೆ ಗೊತ್ತಾಗುತ್ತದೆ. 2013ರಲ್ಲಿ ಪ್ರಕಟವಾದ ಇನ್ನೊಂದು ಲಂಡನ್ ಪ್ರಯೋಗದಲ್ಲಿ 19 ಜನ ಆರೋಗ್ಯವಂತರು ಏಳು ದಿನ, ದಿನಕ್ಕೆರಡು ಸಲ ಇದರಿಂದ ಬಾಯಿ ಮುಕ್ಕಳಿಸಿದರು. ಬಾಯಲ್ಲಿ ನೈಟ್ರೈಟ್ ತಯಾರಾಗುವುದು ಶೇ. 90ರಷ್ಟು ಬಿದ್ದುಹೋಯಿತು, ರಕ್ತದ ನೈಟ್ರೈಟ್ ಕಾಲು ಭಾಗ ಇಳಿಯಿತು, ಬಿಪಿ 2ರಿಂದ 3.5ರಷ್ಟು ಏರಿತು. ಗಮನಿಸಿ, ಇವರು ಬೀಟ್‌ರೂಟ್ ಕುಡಿಯುತ್ತಿರಲಿಲ್ಲ. ದಿನದ ಊಟದಿಂದ ಬರುವ ನೈಟ್ರೇಟ್‌ನ ದಾರಿ ಮುಚ್ಚಿದ್ದಕ್ಕೇ ಇಷ್ಟಾಯಿತು. ಹಾಗಂತ ವಸಡಿನ ಸೋಂಕಿಗೆ ಡಾಕ್ಟರು ಬರೆದದ್ದನ್ನು ಬಿಡಬೇಡಿ, ಅವರು ಹೇಳಿದಷ್ಟು ದಿನ ಬಳಸಿ. ಬಾಯಿ ವಾಸನೆ ಬರಬಾರದು ಅಂತ ವರ್ಷಪೂರ್ತಿ ಬಳಸುತ್ತಿದ್ದರೆ ಮಾತ್ರ ಯೋಚನೆ ಮಾಡಿ.

ಎರಡನೆಯದು ಗ್ಯಾಸ್ ಗುಳಿಗೆ. ಖಾರ ತಿಂದು ಎದೆ ಉರಿ ಅಂತ ಬೆಳಗಾದರೆ ಒಂದು ನುಂಗುವವರು ನಮ್ಮ ಕಡೆ ಬಹಳ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಜಾತಿಯ ಈ ಗುಳಿಗೆಗಳು ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತವೆ. ನೈಟ್ರೈಟ್ ಬಿಪಿಯನ್ನು ಇಳಿಸಲು ಹೊಟ್ಟೆಯ ಆಮ್ಲವೂ ಬೇಕು ಅಂತ ಮೇಲೆ ನೋಡಿದೆವಲ್ಲ. ಎಸೊಮೆಪ್ರಜೋಲ್ ಕೊಟ್ಟ ಆರೋಗ್ಯವಂತರಲ್ಲಿ, ಬಾಯಿಂದ ಕೊಟ್ಟ ನೈಟ್ರೈಟ್‌ನ ಬಿಪಿ ಇಳಿಸುವ ಪರಿಣಾಮ ಕುಗ್ಗಿದ್ದು ಪ್ರಯೋಗದಲ್ಲಿ ಕಂಡಿದೆ. ಆಂಟಿಬಯೋಟಿಕ್ ತೆಗೆದುಕೊಳ್ಳುವ ದಿನಗಳಲ್ಲಿಯೂ ಬಾಯಿಯ ಬ್ಯಾಕ್ಟೀರಿಯಾ ಪೆಟ್ಟು ತಿನ್ನುತ್ತವೆ.

ಮೂರನೆಯದು ಅಡುಗೆಮನೆಯಲ್ಲಿ ಆಗುವುದು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ ಅಂದೆನಲ್ಲ, ಬೀಟ್‌ರೂಟ್ ಹೆಚ್ಚಿ ಕುದಿಸಿ ಆ ಕೆಂಪು ನೀರು ಚೆಲ್ಲಿದರೆ ಒಂದು ಪಾಲು ನೈಟ್ರೇಟ್ ಚರಂಡಿಗೆ ಹೋಯಿತು. ಪಲ್ಯ ಮಾಡುವವರು ಸ್ವಲ್ಪವೇ ನೀರು ಹಾಕಿ ಅದರಲ್ಲೇ ಇಂಗಿಸಿದರೆ ಉಳಿಯುತ್ತದೆ. ಸಾರಿಗೆ ಹಾಕಿದರೂ ಆಗುತ್ತದೆ, ನೀರು ಹೊಟ್ಟೆಗೇ ಬರುತ್ತದಲ್ಲ. ರೊಟ್ಟಿ ಜೊತೆ ನಂಜಿಕೊಳ್ಳುವ ಎರಡು ಚಮಚ ಪಲ್ಯದಿಂದ 400 ಮಿಲಿಗ್ರಾಂ ಬರುವುದಿಲ್ಲ ಎನ್ನುವುದು ನಿಜ. ಆದರೆ ನೈಟ್ರೇಟ್ ಬೀಟ್‌ರೂಟ್‌ಗೆ ಮಾತ್ರ ಸೇರಿದ್ದಲ್ಲ. ರಾಜಗಿರಿ, ಪಾಲಕ್, ಮೂಲಂಗಿ, ಕೊತ್ತಂಬರಿ, ಇವುಗಳಲ್ಲೂ ಚೆನ್ನಾಗಿದೆ. ಬೀಟ್‌ರೂಟ್‌ನ ಎಲೆಯನ್ನೇ ಸಂತೆಯಲ್ಲಿ ಮುರಿದು ಬಿಸಾಡುತ್ತಾರೆ, ಅದರಲ್ಲೂ ಇದೆ. ದಿನಾ ಎರಡು ಬಗೆ ಸೊಪ್ಪು ತಿನ್ನುವ ಮನೆಗೆ ದುಬಾರಿ ಬೀಟ್‌ರೂಟ್ ಪುಡಿಯ ಡಬ್ಬಿ ಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಆ ಪುಡಿಯ ಡಬ್ಬಿಯ ಮೇಲೆ ಪ್ರೊಟೀನ್, ಸಕ್ಕರೆ ಎಲ್ಲ ಬರೆದಿದ್ದರೂ ನೈಟ್ರೇಟ್ ಎಷ್ಟು ಅಂತ ಬರೆಯದಿದ್ದರೆ, ಅದರಿಂದ ಬಿಪಿಗೆ ಏನಾಗುತ್ತದೆ ಅಂತ ಯಾರೂ ಹೇಳಲಾರರು.

ಎಷ್ಟು ಇಳಿಯುತ್ತದೆ? ಬಿಪಿ ಇದ್ದವರ ಮೇಲೆ ಮಾಡಿದ, ಹೆಚ್ಚು ಚರ್ಚೆಯಾದ ಪ್ರಯೋಗ 2015ರದ್ದು. 64 ಜನ, ನಾಲ್ಕು ವಾರ, ದಿನಕ್ಕೆ 250 ಮಿಲಿಲೀಟರ್ ರಸ, ಅದರಲ್ಲಿ ಸುಮಾರು 400 ಮಿಲಿಗ್ರಾಂ ನೈಟ್ರೇಟ್. ಅರ್ಧ ಜನಕ್ಕೆ ಕೊಟ್ಟದ್ದು ಅದೇ ರುಚಿ, ಅದೇ ಬಣ್ಣದ ರಸ, ಆದರೆ ನೈಟ್ರೇಟ್ ಮಾತ್ರ ತೆಗೆದುಬಿಟ್ಟದ್ದು. ಕುಡಿಯುವವರಿಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನೈಟ್ರೇಟ್ ಇದ್ದ ರಸ ಕುಡಿದವರಲ್ಲಿ ಮೇಲಿನ ಬಿಪಿ ಸುಮಾರು 8ರಷ್ಟು ಇಳಿಯಿತು. ಇನ್ನೊಂದು ಗುಂಪಿನಲ್ಲಿ ಹಾಗಾಗಲಿಲ್ಲ. ಕೆಂಪು ಬಣ್ಣದ ವಾದ ಅಲ್ಲಿಗೆ ಮುಗಿಯಿತು, ಅಲ್ವಾ? ರಸ ನಿಲ್ಲಿಸಿ ಎರಡು ವಾರದೊಳಗೆ ಬಿಪಿ ಮತ್ತೆ ಹಳೆಯ ಜಾಗಕ್ಕೆ ಬಂದಿತ್ತು.

ಅದೇ 2015ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ಪ್ರಯೋಗವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬಿಪಿ ಗುಳಿಗೆ ತೆಗೆದುಕೊಳ್ಳುತ್ತಿದ್ದವರಿಗೆ ಒಂದು ವಾರ ಬೀಟ್‌ರೂಟ್ ರಸ ಕೊಟ್ಟರು. ಜೊಲ್ಲಿನಲ್ಲಿ, ರಕ್ತದಲ್ಲಿ ನೈಟ್ರೈಟ್ ಏರಿತು. ಬಿಪಿ ಇಳಿಯಲಿಲ್ಲ. ಗುಳಿಗೆಯಿಂದ ಬಿಪಿ ಆಗಲೇ ಹಿಡಿತಕ್ಕೆ ಬಂದಿದ್ದರೆ ರಸದಿಂದ ಇನ್ನಷ್ಟು ಇಳಿಯುವ ಜಾಗ ಕಡಿಮೆ ಇರಬಹುದು, ಒಂದು ವಾರ ಸಾಲದೆಯೂ ಇರಬಹುದು. ಏನೇ ಇರಲಿ, ಎಲ್ಲರಿಗೂ ಇಳಿಯುತ್ತದೆ ಎನ್ನುವ ಮಾತು ಸರಿಯಲ್ಲ.

ಈ ಲೆಕ್ಕವನ್ನು ನಮ್ಮ ಮಾಸ್ತರಿಗೆ ಹಾಕಿ. 148 ಇದ್ದದ್ದು ಚೆನ್ನಾಗಿ ಕೆಲಸ ಮಾಡಿದರೆ 140ಕ್ಕೆ ಬರುತ್ತದೆ. ಒಳ್ಳೆಯದೇ. ಆದರೆ ಗುಳಿಗೆ ಇಲ್ಲದೆ 170 ಇರುವವರು ಗುಳಿಗೆ ಬಿಟ್ಟು ರಸ ಹಿಡಿದರೆ 162ರಲ್ಲಿ ಓಡಾಡುತ್ತಿರುತ್ತಾರೆ, ಯಾಕೆಂದರೆ ಗುಳಿಗೆ ಹಿಡಿದಿಟ್ಟಿದ್ದ ಬಿಪಿ ಮತ್ತೆ ಮೇಲೇಳುತ್ತದೆ. ಹೀಗೆ ಗುಳಿಗೆ ಬಿಟ್ಟ ದಿನಗಳಲ್ಲಿ ಪಾರ್ಶ್ವವಾಯು ಹೊಡೆಯುವ ಅಪಾಯ ಹೆಚ್ಚು. ದಯವಿಟ್ಟು ಗುಳಿಗೆ ಬಿಡಬೇಡಿ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುವ ಗುಳಿಗೆಯೂ ಕೊನೆಗೆ ನೈಟ್ರಿಕ್ ಆಕ್ಸೈಡನ್ನೇ ಬಿಡುಗಡೆ ಮಾಡುತ್ತದೆ ಎನ್ನುವುದು ನಿಜ, ಆದರೆ ಅದು ಬ್ಯಾಕ್ಟೀರಿಯಾ ಬೇಡದ ಬೇರೆ ರಾಸಾಯನಿಕ, ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ರಸಕ್ಕೆ ಮೂರು ತಾಸು ಬೇಕು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಇನ್ನು ನಮ್ಮ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ದಾಟಿದಾಗ ಚರ್ಮದ ನಾಳಗಳು ತಾವಾಗಿಯೇ ಅಗಲವಾಗಿರುತ್ತವೆ, ಬೆವರಿ ದೇಹದ ನೀರೂ ಕಡಿಮೆಯಾಗಿರುತ್ತದೆ. ಆಗ ಗುಳಿಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಗುಳಿಗೆ, ಅದರ ಮೇಲೆ ದೊಡ್ಡ ಲೋಟ ರಸ ಸೇರಿದರೆ, ಕೂತವರು ಫಕ್ಕನೆ ಎದ್ದಾಗ ಕಣ್ಣು ಕತ್ತಲೆ ಬರಬಹುದು. ಹಾಗಾದರೆ ಕುಡಿಯುವುದು ನಿಲ್ಲಿಸಿ, ಎದ್ದು ನಿಂತು ಒಂದು ನಿಮಿಷದ ಮೇಲೆ ಬಿಪಿ ನೋಡಿಸಿ, ಡಾಕ್ಟರಿಗೆ ಹೇಳಿ. ಕಿಡ್ನಿ ಕಲ್ಲು ಆಗಿದ್ದವರಿಗೆ ಇನ್ನೊಂದು ತೊಂದರೆ ಇದೆ, ಬೀಟ್‌ರೂಟ್‌ನಲ್ಲಿ ಆಕ್ಸಲೇಟ್ ತುಂಬಾ ಜಾಸ್ತಿ. ಕಿಡ್ನಿ ಸೋತವರಿಗೆ ಅದರ ಪೊಟ್ಯಾಸಿಯಂ ಅಪಾಯ. ಈ ಇಬ್ಬರೂ ಡಾಕ್ಟರನ್ನು ಕೇಳದೆ ದಿನಾ ಕುಡಿಯಬಾರದು.

ನಮಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಮೂತ್ರ ಕೆಂಪಾಯಿತು, ಅಂದರೆ ಹಿಡಿಯಿತು ಅಂತ ಕೆಲವರು ಹೇಳುತ್ತಾರೆ. ಅದು ಬೀಟ್‌ರೂಟ್‌ನ ಬಣ್ಣ ಹೊರಗೆ ಬರುವುದು, ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ನೈಟ್ರೇಟ್‌ಗೂ ಅದಕ್ಕೂ ಸಂಬಂಧವಿಲ್ಲ. ನಿಜವಾಗಿ ತಿಳಿಯಬೇಕಾದರೆ ಮನೆಯಲ್ಲಿ ತೋಳಿಗೆ ಕಟ್ಟುವ ಮಿಷನ್ ಬೇಕು, ಸ್ವಲ್ಪ ತಾಳ್ಮೆ ಬೇಕು. ಬಿಪಿ ಸುಮ್ಮನೆ ಕೂತಿದ್ದರೂ 5, 10 ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ಹಾಗಾಗಿ ಒಂದು ದಿನದ ಎರಡು ಅಂಕಿಯಿಂದ ಏನೂ ತಿಳಿಯುವುದಿಲ್ಲ. ರಸವಿಲ್ಲದೆ ಒಂದು ವಾರ, ರಸದ ಜೊತೆ ಒಂದು ವಾರ, ಗುಳಿಗೆ ಎರಡೂ ವಾರ ಅದೇ ಹೊತ್ತಿಗೆ. ಬೆಳಿಗ್ಗೆ ಕುಡಿಯುವ ಹೊತ್ತಿಗೆ ಒಮ್ಮೆ, ಮೂರು ತಾಸಿನ ಮೇಲೆ ಒಮ್ಮೆ. ಪ್ರತಿ ಸಲ ಐದು ನಿಮಿಷ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ನೋಡಿ ಬರೆದಿಡಿ. ಅರ್ಧ ತಾಸು ಮೊದಲು ಚಹಾ, ಬೀಡಿ ಬೇಡ. ರಸವಿಲ್ಲದ ವಾರದ ಮೂರನೇ ತಾಸಿನ ಸರಾಸರಿಯನ್ನು ರಸದ ವಾರದ ಅದೇ ಹೊತ್ತಿನ ಸರಾಸರಿಯ ಪಕ್ಕ ಇಟ್ಟು ನೋಡಿ. 5ಕ್ಕಿಂತ ಜಾಸ್ತಿ ವ್ಯತ್ಯಾಸ ದಿನಾ ಒಂದೇ ಕಡೆ ಕಂಡರೆ ಏನೋ ನಡೆಯುತ್ತಿದೆ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ, ಅವರಿಗೂ ಉಪಯೋಗ.

ನಮ್ಮ ಮೂರು ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ, ಕುಡಿಯಬೇಡಿ ಅಂತ ಹೇಳುತ್ತಾರೆ. ಬೀಟ್‌ರೂಟ್‌ನ ನೈಟ್ರೇಟ್ ಕುಡಿಯಿರಿ ಅಂತಲೂ ಹೇಳುತ್ತಾರೆ. ಎರಡೂ ಬೇರೆ ಬೇರೆಯೇ? ಅಲ್ಲ. ಅಣು ಒಂದೇ. ಭತ್ತದ ಗದ್ದೆಗೆ ಹಾಕಿದ ಯೂರಿಯಾದಿಂದ, ತಿಪ್ಪೆಯಿಂದ, ಶೌಚದ ಗುಂಡಿಯಿಂದ ಇಳಿದು ನೀರು ಸೇರಿದ ನೈಟ್ರೇಟ್ ಕೂಡ ಅದೇ ದಾರಿ ಹಿಡಿದು ಬಾಯಿಗೆ ಬಂದು ನೈಟ್ರೈಟ್ ಆಗುತ್ತದೆ. ವ್ಯತ್ಯಾಸ ಇರುವುದು ಜೊತೆಗೆ ಏನು ಬರುತ್ತದೆ, ಯಾರು ಕುಡಿಯುತ್ತಾರೆ ಎನ್ನುವುದರಲ್ಲಿ.

ನೈಟ್ರೈಟ್ ಹೊಟ್ಟೆಯಲ್ಲಿ ಆಹಾರದ ಅಮೈನ್‌ಗಳ ಜೊತೆ ಸೇರಿದರೆ ನೈಟ್ರೊಸಮೀನ್ ಎನ್ನುವ, ಕ್ಯಾನ್ಸರ್ ತರಬಲ್ಲ ವಸ್ತುಗಳು ಆಗಬಹುದು. ತರಕಾರಿಯಲ್ಲಿ ನೈಟ್ರೇಟ್ ಜೊತೆಗೇ ಸಿ ವಿಟಮಿನ್ ಮತ್ತು ಪಾಲಿಫಿನಾಲ್‌ಗಳು ಇರುತ್ತವೆ. ಅವು ನೈಟ್ರೈಟನ್ನು ನೈಟ್ರಿಕ್ ಆಕ್ಸೈಡ್ ಕಡೆಗೆ ತಿರುಗಿಸಿ ಆ ಸಂಯೋಗಕ್ಕೆ ಅಡ್ಡ ಬರುತ್ತವೆ. ಬೋರ್ ನೀರಿನಲ್ಲಿ ಅವು ಇಲ್ಲ. ದಿನದ ಮಿತಿ ಕೆ.ಜಿ. ತೂಕಕ್ಕೆ 3.7 ಮಿಲಿಗ್ರಾಂ ಅಂತ ಇದೆ, 60 ಕೆ.ಜಿ. ಮಾಸ್ತರಿಗೆ 222. ಅವರ ಒಂದು ಲೋಟ ರಸವೇ ಇದನ್ನು ದಾಟುತ್ತದೆ, ಅದನ್ನು ಮುಚ್ಚಿಡಬಾರದು. ಈ ಮಿತಿ ಪ್ರಾಣಿಗಳ ಪ್ರಯೋಗದಿಂದ ಲೆಕ್ಕ ಹಾಕಿದ್ದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2008ರಲ್ಲಿ ತರಕಾರಿಯ ನೈಟ್ರೇಟನ್ನು ತೂಗಿ ನೋಡಿ, ತರಕಾರಿ ತಿನ್ನುವುದರ ಲಾಭವೇ ದೊಡ್ಡದು ಅಂತ ಹೇಳಿತು. ಆದರೆ ಕುಡಿಯುವ ನೀರೇ ಲೀಟರಿಗೆ 90 ಮಿಲಿಗ್ರಾಂ ಇದ್ದರೆ, ಅಂದರೆ ನಮ್ಮ ದೇಶದ ಮಿತಿಯಾದ 45ರ ಎರಡರಷ್ಟು, ದಿನಕ್ಕೆ ಮೂರು ಲೀಟರ್ ಕುಡಿಯುವವರಿಗೆ 270 ಮಿಲಿಗ್ರಾಂ ಆಗಲೇ ಒಳಗೆ ಹೋಗಿರುತ್ತದೆ. ಅಂಥ ನೀರು ಕುಡಿಯುವವರು ಅದರ ಮೇಲೆ ದಿನಾ ರಸ ಸೇರಿಸುವ ಮೊದಲು ನೀರನ್ನು ಪರೀಕ್ಷೆ ಮಾಡಿಸಲಿ ಎನ್ನುವುದು ನನ್ನ ಮಾತು.

ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಹಾಕಿದರೂ ಹೋಗುವುದಿಲ್ಲ. ಆರ್‌ಓ ಮಿಷನ್ ತೆಗೆಯುತ್ತದೆ, ಅದರ ಪದರ ಹಳೆಯದಾಗಿರದಿದ್ದರೆ. ಇದು ಎಲ್ಲರಿಗಿಂತ ಜಾಸ್ತಿ ಮುಖ್ಯ ಆಗುವುದು ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸುಗಳಿಗೆ. ಅವುಗಳ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಹಾಗಾಗಿ ಅಲ್ಲೇ ಬ್ಯಾಕ್ಟೀರಿಯಾ ಬೆಳೆದು ನೈಟ್ರೇಟನ್ನು ನೈಟ್ರೈಟ್ ಮಾಡಬಹುದು. ನೈಟ್ರೈಟ್ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ಹಾಗೆ ಕೆಡಿಸುತ್ತದೆ. ದೊಡ್ಡವರಲ್ಲಿ ಅದನ್ನು ಸರಿಮಾಡುವ ಕಿಣ್ವ ಬೇಕಾದಷ್ಟಿದೆ, ಕೂಸುಗಳಲ್ಲಿ ಅದು ಸಾಲದು. ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕೊಮ್ಲಿ ಎನ್ನುವ ವೈದ್ಯರು ಬಾವಿ ನೀರಿನಿಂದ ಹೀಗಾದ ಕೂಸುಗಳ ವರದಿ ಬರೆದರು. ಕುಡಿಯುವ ನೀರಿಗೆ ಹಾಕಿದ ಮಿತಿಗಳ ಬೇರು ಅಲ್ಲಿದೆ.

ಹೀಗಾಗಿ ಅಂಥ ಕೂಸಿಗೆ "ರಕ್ತ ಆಗಲಿ" ಅಂತ ಬೀಟ್‌ರೂಟ್ ರಸವನ್ನಾಗಲಿ ಪಾಲಕ್ ನೀರನ್ನಾಗಲಿ ಚಮಚದಲ್ಲಿ ಕೊಡುವುದು ಸರಿಯಲ್ಲ. ಬೆಳಿಗ್ಗೆ ಮಾಡಿದ ರಸವನ್ನು ಬಿಸಿಲುಗಾಲದಲ್ಲಿ ಹೊರಗಿಟ್ಟು ಸಂಜೆ ಕುಡಿಯುವುದನ್ನೂ ದೊಡ್ಡವರು ಬಿಡಬೇಕು, ಯಾಕೆಂದರೆ ನಾಲಿಗೆಯ ಮೇಲೆ ತಾಸುಗಟ್ಟಲೆ ಸ್ವಲ್ಪಸ್ವಲ್ಪವೇ ಆಗಬೇಕಾದ ಕೆಲಸವನ್ನು ಆ ಲೋಟದಲ್ಲಿ ಬೆಳೆದ ಬ್ಯಾಕ್ಟೀರಿಯಾ ಆಗಲೇ ಮಾಡಿ, ನೈಟ್ರೈಟನ್ನು ಒಂದೇ ಸಲಕ್ಕೆ ಕೂಡಿಸಿಟ್ಟಿರಬಹುದು. ಮಾಡಿದ ಕೂಡಲೇ ಕುಡಿಯಿರಿ, ಇಲ್ಲ ಫ್ರಿಜ್‌ನಲ್ಲಿಟ್ಟು ಅದೇ ದಿನ ಮುಗಿಸಿ.